ಲೆವೆಲ್ ಮತ್ತು ಟೋಟಲ್ ಸ್ಟೇಷನ್ ಮ್ಯಾನುಯಲ್ ಕನ್ನಡಕ್ಕೆ ತರುವಾಗ ಎಡವುವ ಜಾಗಗಳು

ಪ್ರಶ್ನೆ: ಸರ್, ಕಾಸರಗೋಡು ಜಿಲ್ಲೆಯ ಒಂದು ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾದ ಸರ್ವೆ ಲ್ಯಾಬ್ ನೋಡಿಕೊಳ್ಳುತ್ತೇನೆ. ಮಂಜೇಶ್ವರ, ಬದಿಯಡ್ಕ ಕಡೆಯಿಂದ ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿ ಬಂದ ಮಕ್ಕಳಿದ್ದಾರೆ. ಅವರಿಗಾಗಿ ಆಟೋ ಲೆವೆಲ್ ಮತ್ತು ಟೋಟಲ್ ಸ್ಟೇಷನ್ ಮ್ಯಾನುಯಲ್ ಎರಡನ್ನೂ ಸೇರಿಸಿ ಒಂದೇ ಪುಸ್ತಕ ಮಾಡುತ್ತಿದ್ದೇನೆ. ಕೊನೆಯಲ್ಲಿ ಪದಪಟ್ಟಿ ಕೊಟ್ಟು, ಒಂದು ಇಂಗ್ಲಿಷ್ ಪದಕ್ಕೆ ಎಲ್ಲ ಕಡೆ ಒಂದೇ ಕನ್ನಡ ಪದ ಇಟ್ಟರೆ ಸಾಕಾ? ಇನ್ನೊಂದು, ಲೆವೆಲ್ ಚೆಕ್ ಮಾಡುವ ಅಧ್ಯಾಯ ಬರೆದು ಕೊಟ್ಟೆ, ಮಕ್ಕಳಿಗೆ ಅರ್ಥವೇ ಆಗಲಿಲ್ಲ. ಏನು ಮಾಡಲಿ?

ಉತ್ತರ: ಸಾಕಾಗುವುದಿಲ್ಲ. ಎತ್ತರದ ವ್ಯತ್ಯಾಸ ಅಳೆಯುವ ಲೆವೆಲ್, ಕೋನ ಮತ್ತು ದೂರ ಎರಡನ್ನೂ ಅಳೆಯುವ ಟೋಟಲ್ ಸ್ಟೇಷನ್, ಈ ಎರಡು ಉಪಕರಣಗಳನ್ನು ಒಂದೇ ಪುಸ್ತಕದಲ್ಲಿ ಇಟ್ಟಿದ್ದೀರಲ್ಲ, ತೊಂದರೆ ಶುರುವಾಗುವುದೇ ಅಲ್ಲಿ. ಬ್ಯಾಕ್‌ಸೈಟ್, ಇನ್‌ಸ್ಟ್ರುಮೆಂಟ್ ಹೈಟ್, ಕೊಲಿಮೇಷನ್ ಈ ಮೂರೂ ಲೆವೆಲ್ ಮ್ಯಾನುಯಲ್‌ನಲ್ಲೂ ಇವೆ, ಟೋಟಲ್ ಸ್ಟೇಷನ್ ಮ್ಯಾನುಯಲ್‌ನಲ್ಲೂ ಇವೆ. ಹೆಸರು ಒಂದೇ, ಅಳೆಯುವ ಸಂಗತಿ ಬೇರೆ. ಇಂಗ್ಲಿಷಿನಲ್ಲಿ ಎರಡು ಬೇರೆ ಪುಸ್ತಕ ಇರುವುದರಿಂದ ಅದು ಅಷ್ಟಾಗಿ ಕಾಡುವುದಿಲ್ಲ. ನಿಮ್ಮ ಪುಸ್ತಕದಲ್ಲಿ ಎರಡಕ್ಕೂ ಒಂದೇ ಕನ್ನಡ ಪದ ಹಾಕಿದರೆ, ಲೆವೆಲಿಂಗ್ ಚೆನ್ನಾಗಿ ಕಲಿತ ಹುಡುಗನೇ ಟೋಟಲ್ ಸ್ಟೇಷನ್ ಮುಂದೆ ತಪ್ಪು ಮಾಡುತ್ತಾನೆ.

ಬ್ಯಾಕ್‌ಸೈಟ್‌ನಿಂದ ಶುರು ಮಾಡೋಣ. ಲೆವೆಲಿಂಗ್‌ನಲ್ಲಿ ಬ್ಯಾಕ್‌ಸೈಟ್ ಅಂದರೆ ಎತ್ತರ ಗೊತ್ತಿರುವ ಜಾಗದ ಮೇಲೆ ಉದ್ದದ ಅಳತೆಪಟ್ಟಿ, ಅಂದರೆ ಸ್ಟಾಫ್, ನಿಲ್ಲಿಸಿ ತೆಗೆಯುವ ಮೊದಲ ರೀಡಿಂಗ್. ಆ ಜಾಗದ, ಅಂದರೆ ಬೆಂಚ್ ಮಾರ್ಕಿನ, ಎತ್ತರ 100.000, ಸ್ಟಾಫ್ ರೀಡಿಂಗ್ 1.585 ಇದ್ದರೆ ದೂರದರ್ಶಕದ ನೋಟದ ಗೆರೆ 101.585 ಮೀಟರ್ ಎತ್ತರದಲ್ಲಿದೆ ಅಂತ ಲೆಕ್ಕ. ಇಲ್ಲಿ ದಿಕ್ಕಿಗೆ ಬೆಲೆ ಇಲ್ಲ. ಸ್ಟಾಫ್ ಪೂರ್ವಕ್ಕಿದ್ದರೂ ಸರಿ, ಪಶ್ಚಿಮಕ್ಕಿದ್ದರೂ ಸರಿ. ಟೋಟಲ್ ಸ್ಟೇಷನ್‌ನಲ್ಲಿ ಬ್ಯಾಕ್‌ಸೈಟ್ ಇರುವುದೇ ದಿಕ್ಕಿಗಾಗಿ. ನಿಂತ ಜಾಗ ಗೊತ್ತು, ಇನ್ನೊಂದು ಜಾಗವೂ ಗೊತ್ತು. ಆ ಇನ್ನೊಂದರ ಕಡೆ ತಿರುಗಿಸಿ, ‘ಇದು ಇಷ್ಟು ಡಿಗ್ರಿಯ ದಿಕ್ಕು’ ಅಂತ ಉಪಕರಣಕ್ಕೆ ತಿಳಿಸಬೇಕು. ಬರೀ ನೋಡಿ ಅಳೆದರೆ ಬ್ಯಾಕ್‌ಸೈಟ್ ಆಗಲಿಲ್ಲ.

ಒಂದು ಲೆಕ್ಕ ಹಾಕಿ ನೋಡಿ. ಇದನ್ನು ನಿಮ್ಮ ಕಾಲೇಜು ಮೈದಾನದಲ್ಲೇ ಮಾಡಿ ತೋರಿಸಬಹುದು. ಉಪಕರಣ ನಿಂತ ಜಾಗದ ಹೆಸರು S, ಅದರ ಅಂಕೆಗಳು N 1000.000, E 1000.000. ಬ್ಯಾಕ್‌ಸೈಟ್ ಜಾಗ T, N 1080.000, E 1060.000. ಉತ್ತರಕ್ಕೆ 80 ಮೀಟರ್, ಪೂರ್ವಕ್ಕೆ 60 ಮೀಟರ್. ಆದ್ದರಿಂದ S ನಿಂದ T ಗೆ ಸರಿಯಾಗಿ 100 ಮೀಟರ್, ದಿಕ್ಕು 36°52′12″. ಮೂರನೆಯದಾಗಿ K ಅನ್ನುವ ಇನ್ನೊಂದು ಗೊತ್ತಿರುವ ಜಾಗ ಇಟ್ಟುಕೊಳ್ಳಿ. N 1000.000, E 1050.000, ಅಂದರೆ S ನಿಂದ ನೇರ ಪೂರ್ವಕ್ಕೆ 50 ಮೀಟರ್.

ವಿದ್ಯಾರ್ಥಿ T ಯನ್ನು ಗುರಿ ಹಿಡಿಯುತ್ತಾನೆ. ಕೋನ 36°52′12″ ಕೊಡುವ ಬದಲು, ಥಿಯೊಡೊಲೈಟ್ ಅಭ್ಯಾಸದಲ್ಲಿ ಕೋನವನ್ನು ಸೊನ್ನೆ ಮಾಡುವ `0SET` ಒತ್ತಿ ಬಿಡುತ್ತಾನೆ. ಆಮೇಲೆ K ಕಡೆ ತಿರುಗಿಸಿದರೆ ಕೋನ 90° ಬರಬೇಕಾದಲ್ಲಿ 53°07′48″ ಬರುತ್ತದೆ. ಸ್ಕ್ರೀನಿನಲ್ಲಿ ಬರುವ ಅಂಕೆ ಹೀಗೆ:

```
N: 1030.000
E: 1040.000
```

ಬರಬೇಕಾದದ್ದು N 1000.000, E 1050.000. ಆದರೆ S ನಿಂದ K ಗೆ ದೂರ ಈಗಲೂ 50.000 ಮೀಟರೇ! ಆ ದಿನ ಅಳೆದ ಎಲ್ಲ ಮೂಲೆಗಳ ನಡುವಿನ ಅಂತರವೂ ಸರಿಯಾಗಿಯೇ ಇರುತ್ತದೆ. ಟೇಪ್ ಹಿಡಿದು ನೋಡಿದರೂ ತಪ್ಪು ಸಿಗುವುದಿಲ್ಲ. ಇಡೀ ನಕ್ಷೆ ಮಾತ್ರ S ಸುತ್ತ 36 ಡಿಗ್ರಿ ಚಿಲ್ಲರೆ ತಿರುಗಿ ಕೂತಿರುತ್ತದೆ. ಹಳೆಯ ಸರ್ವೆ ನಕ್ಷೆಯ ಮೇಲೆ ಇಟ್ಟಾಗಲೇ ಅದು ಗೊತ್ತಾಗುವುದು. 36 ಡಿಗ್ರಿ ಆದರೆ ಕಣ್ಣಿಗೆ ಬೀಳುತ್ತದೆ. ಅದೇ ಅರ್ಧ ಡಿಗ್ರಿ ತಪ್ಪಿದರೆ? 100 ಮೀಟರ್ ದೂರದ ಗಡಿಕಲ್ಲು ಸುಮಾರು 87 ಸೆಂಟಿಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಅದು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ, ಆದರೆ ಪಕ್ಕದ ಜಾಗದವರು ಜಗಳಕ್ಕೆ ಬರಲು ಅಷ್ಟು ಸಾಕು.

ಹಾಗಾಗಿ ಟೋಟಲ್ ಸ್ಟೇಷನ್ ಭಾಗದಲ್ಲಿ ‘ಬ್ಯಾಕ್‌ಸೈಟ್ ತೆಗೆದುಕೊಳ್ಳಿ’ ಅಂತ ಬರೆಯಲೇ ಬೇಡಿ. ‘ಬ್ಯಾಕ್‌ಸೈಟ್ ಜಾಗಕ್ಕೆ ಗುರಿ ಹಿಡಿದು ದಿಕ್ಕು ಕೊಡಿ’ ಅಂತ ಬರೆಯಿರಿ. ಅದರ ಕೆಳಗೇ ಎರಡು ಪರೀಕ್ಷೆ ಸೇರಿಸಿ. ಮೊದಲನೆಯದು, T ಗೆ ಅಡ್ಡದೂರ ಅಳೆದು ಲೆಕ್ಕದ 100.000 ಜತೆ ಹೋಲಿಸುವುದು. ತಪ್ಪಾದ ಗೂಟಕ್ಕೆ ಗುರಿ ಹಿಡಿದಿದ್ದರೆ, ಅಥವಾ ಅಂಕೆ ತಪ್ಪಾಗಿ ಕೊಟ್ಟಿದ್ದರೆ, ಇದರಲ್ಲಿ ಸಿಕ್ಕಿಬೀಳುತ್ತದೆ. ಆದರೆ `0SET` ತಪ್ಪು ಇದರಲ್ಲಿ ಸಿಗುವುದಿಲ್ಲ. ಅದಕ್ಕೆ ಎರಡನೆಯದು ಬೇಕು. K ಯಂಥ ಮೂರನೇ ಜಾಗವನ್ನು ಅಳೆದು ಅಂಕೆ ತಾಳೆ ನೋಡುವುದು. ಮೂಲ ಮ್ಯಾನುಯಲ್‌ನಲ್ಲಿ ಈ ಎರಡನೆಯದು ಇಲ್ಲದಿದ್ದರೂ ನೀವು ಹಾಕಿ.

ಇನ್ನು ಇನ್‌ಸ್ಟ್ರುಮೆಂಟ್ ಹೈಟ್. ಲೆವೆಲಿಂಗ್ ಪುಸ್ತಕದ ಎಚ್.ಐ. ಅಂದರೆ ಮೇಲೆ ಹೇಳಿದ 101.585, ಬೆಂಚ್ ಮಾರ್ಕ್ ಲೆಕ್ಕದಲ್ಲಿ ನೋಟದ ಗೆರೆಯ ಎತ್ತರ. ಟೋಟಲ್ ಸ್ಟೇಷನ್ ಕೇಳುವುದು ನೆಲದ ಗುರುತಿನಿಂದ ಉಪಕರಣದ ಪಕ್ಕದಲ್ಲಿರುವ ಅಡ್ಡ ಅಕ್ಷದ ಗುರುತಿನವರೆಗೆ ಟೇಪ್ ಹಿಡಿದು ಅಳೆದ ಎತ್ತರ, ಒಂದೂವರೆ ಮೀಟರ್ ಆಸುಪಾಸು. ಮೊದಲನೆಯದನ್ನು ‘ನೋಟದ ಗೆರೆಯ ಆರ್.ಎಲ್.’ ಅನ್ನಿ, ಎರಡನೆಯದನ್ನು ‘ಗುರುತಿನಿಂದ ಉಪಕರಣದ ಎತ್ತರ’ ಅನ್ನಿ. ಎಚ್.ಐ. ಅನ್ನುವ ಸಂಕೇತ ಪರೀಕ್ಷೆಯಲ್ಲಿ ಬರುತ್ತದೆ, ಆದ್ದರಿಂದ ಎರಡೂ ಕಡೆ ಒಮ್ಮೆ ಹೇಳಿ, ಇವೆರಡೂ ಬೇರೆ ಅಂತ ದಪ್ಪಕ್ಷರದಲ್ಲಿ ಬರೆಯಿರಿ.

ಎತ್ತರದ ಲೆಕ್ಕವನ್ನೂ ಒಂದು ಸಲ ಬಿಡಿಸಿ ತೋರಿಸಿ. ನಿಂತ ಜಾಗದ ಎತ್ತರ 50.000, ಉಪಕರಣದ ಎತ್ತರ 1.480, ಆ ತುದಿಯಲ್ಲಿ ಕೋಲಿನ ಮೇಲೆ ಗುರಿಯಾಗಿರುವ ಪ್ರಿಸಂ ಎತ್ತರ 1.600, ಉಪಕರಣಕ್ಕೂ ಪ್ರಿಸಂಗೂ ಇರುವ ಎತ್ತರದ ವ್ಯತ್ಯಾಸ, ಅಂದರೆ ಸ್ಕ್ರೀನಿನ `VD`, 2.345 ಅಂತಿಟ್ಟುಕೊಳ್ಳಿ. 50.000ಕ್ಕೆ 1.480 ಮತ್ತು 2.345 ಕೂಡಿಸಿ, 1.600 ಕಳೆದರೆ 52.225. ಈಗ ಪ್ರಿಸಂ ಹಿಡಿದ ಹುಡುಗ ಅಡ್ಡ ಬಂದ ಪೊದೆ ತಪ್ಪಿಸಲು ಕೋಲನ್ನು ಎರಡು ಮೀಟರಿಗೆ ಎಳೆಯುತ್ತಾನೆ, ಇಲ್ಲಿ ಉಪಕರಣದ ಹತ್ತಿರ ಇರುವವನಿಗೆ ಹೇಳುವುದಿಲ್ಲ. `VD` 2.745 ಆಗುತ್ತದೆ, ಉಪಕರಣ ಇನ್ನೂ 1.600 ಕಳೆಯುತ್ತಿರುತ್ತದೆ, ಉತ್ತರ 52.625. ನೆಲ 40 ಸೆಂಟಿಮೀಟರ್ ಮೇಲೆದ್ದು ಬಿಟ್ಟಿತು! ಅಲ್ಲಿಂದ ಮುಂದಿನ ಪ್ರತಿ ರೀಡಿಂಗ್‌ನಲ್ಲೂ ಇದೇ 40. ಆದ್ದರಿಂದ ‘ಕೋಲಿನ ಎತ್ತರ ಬದಲಿಸಿದರೆ ಕೂಗಿ ಹೇಳು’ ಅನ್ನುವ ವಾಕ್ಯ ಪ್ರಿಸಂ ಹಿಡಿಯುವವನ ಪುಟದಲ್ಲಿರಲಿ. ಮ್ಯಾನುಯಲ್‌ಗಳು ಬರೀ ಉಪಕರಣದ ಮುಂದೆ ನಿಂತವನಿಗಾಗಿ ಬರೆದಿರುತ್ತವೆ. ಲ್ಯಾಬಿನಲ್ಲಿ ಗುಂಪಿನ ಅರ್ಧ ಜನ ಆ ತುದಿಯಲ್ಲಿರುತ್ತಾರೆ, ಅಲ್ವಾ?

ಇಲ್ಲೇ ಸ್ಕ್ರೀನಿನ ಅಕ್ಷರಗಳ ಮಾತು. ಅವನ್ನು ಅನುವಾದ ಮಾಡಬೇಡಿ, ಕನ್ನಡ ಲಿಪಿಗೂ ತರಬೇಡಿ. ಹುಡುಗ ಹುಡುಕುವುದು ಅದೇ ಆಕಾರವನ್ನು. ಆದರೆ ನಿಮ್ಮ ಲ್ಯಾಬಿನಲ್ಲಿ ಎರಡು ಕಂಪನಿಯ ಉಪಕರಣ ಇದ್ದರೆ ಎಚ್ಚರ. ಒಂದರ ಸ್ಕ್ರೀನಿನಲ್ಲಿ `HR` ಅಂದರೆ ಬಲಗಡೆಗೆ ಎಣಿಸಿದ ಅಡ್ಡಕೋನ. ಇನ್ನೊಂದರಲ್ಲಿ `hr` ಅಂದರೆ ಪ್ರಿಸಂ ಎತ್ತರ. ಪುಸ್ತಕದಲ್ಲಿ ಎರಡನ್ನೂ ಸೇರಿಸಿ ಒಂದೇ ಪಟ್ಟಿ ಮಾಡಿದರೆ ಗೊಂದಲ ಖಂಡಿತ. ಒಂದೊಂದು ಉಪಕರಣಕ್ಕೂ ಅದರದೇ ಪುಟ ಮಾಡಿ, ಸ್ಕ್ರೀನಿನ ಚಿತ್ರ ಹಾಕಿ. ಅಂಕೆಗಳನ್ನೂ 1, 2, 3 ಎಂದೇ ಮುದ್ರಿಸಿ. ಸ್ಟಾಫ್ ಮೇಲೂ ಸ್ಕ್ರೀನಿನ ಮೇಲೂ ಇರುವುದು ಅವೇ.

ಕೊಲಿಮೇಷನ್ ವಿಷಯ ಬಂದರೆ ನಿಮ್ಮ ಎರಡನೇ ಪ್ರಶ್ನೆಗೆ ಬಂದ ಹಾಗೆ. ಲೆವೆಲ್‌ನಲ್ಲಿ ಕೊಲಿಮೇಷನ್ ದೋಷ ಅಂದರೆ ಗುಳ್ಳೆ ಮಧ್ಯದಲ್ಲಿದ್ದರೂ ನೋಟದ ಗೆರೆ ಮಟ್ಟಸವಾಗಿಲ್ಲದೆ ಸ್ವಲ್ಪ ಮೇಲಕ್ಕೋ ಕೆಳಕ್ಕೋ ಓಡುವುದು. ಟೋಟಲ್ ಸ್ಟೇಷನ್‌ನಲ್ಲಿ ಅದೇ ಹೆಸರಿನ ದೋಷ ಪಕ್ಕಕ್ಕೆ. ನೋಟದ ಗೆರೆ ಅಡ್ಡ ಅಕ್ಷಕ್ಕೆ ಸರಿಯಾಗಿ 90 ಡಿಗ್ರಿ ಇಲ್ಲದಿರುವುದು. ಅದನ್ನು ಹಿಡಿಯುವುದು ಸುಲಭ. ಸುಮಾರು 100 ಮೀಟರ್ ದೂರದಲ್ಲಿ, ಹೆಚ್ಚು ಕಡಿಮೆ ಉಪಕರಣದ ಮಟ್ಟದಲ್ಲೇ ಇರುವ ಒಂದು ಗುರಿಯನ್ನು ಎರಡು ಮುಖದಲ್ಲೂ, ಅಂದರೆ ಒಮ್ಮೆ ನೇರವಾಗಿ, ಇನ್ನೊಮ್ಮೆ ದೂರದರ್ಶಕ ಮಗುಚಿ ಉಪಕರಣ ತಿರುಗಿಸಿ ನೋಡಿ. ಒಂದರಲ್ಲಿ 25°10′20″, ಇನ್ನೊಂದರಲ್ಲಿ 205°10′40″ ಬಂದರೆ, 180 ಡಿಗ್ರಿಗಿಂತ 20 ಸೆಕೆಂಡ್ ಜಾಸ್ತಿ. ದೋಷ ಅದರ ಅರ್ಧ, 10 ಸೆಕೆಂಡ್. ಎರಡರ ಸರಾಸರಿ ತೆಗೆದುಕೊಂಡರೆ ಕಳೆದುಹೋಗುತ್ತದೆ. ಇಷ್ಟು ಬರೆದರೆ ಸಾಕು.

ಲೆವೆಲ್‌ನದ್ದು ಅಷ್ಟು ಸುಲಭವಲ್ಲ. ಟೂ ಪೆಗ್ ಟೆಸ್ಟ್ ಮಾಡಬೇಕು, ಮ್ಯಾನುಯಲ್‌ಗಳು ಅದನ್ನು ಅರ್ಧ ಪುಟದಲ್ಲಿ, ನಾಲ್ಕು ಅಕ್ಷರ ಸಂಕೇತದಲ್ಲಿ ಮುಗಿಸಿಬಿಡುತ್ತವೆ. ವಾಕ್ಯದಿಂದ ವಾಕ್ಯಕ್ಕೆ ಅದನ್ನು ಕನ್ನಡ ಮಾಡಿದರೆ ಯಾರಿಗೂ ಅರ್ಥವಾಗುವುದಿಲ್ಲ. ಅಲ್ಲಿ ‘ಯಾಕೆ’ ಅನ್ನುವುದು ಇಲ್ಲವೇ ಇಲ್ಲ. ಮೊದಲು ಉಪಕರಣ ಹೊರಗೆ ತೆಗೆದು ನೀವೇ ಮಾಡಿ. ರೀಡಿಂಗ್ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಬರೆಯಿರಿ. ನಾನಾದರೆ ಹೀಗೆ ಬರೆಯುತ್ತೇನೆ:

> ಸುಮಾರು ಸಮತಟ್ಟಾದ ನೆಲದಲ್ಲಿ 60 ಮೀಟರ್ ಅಂತರದಲ್ಲಿ A, B ಎಂಬ ಎರಡು ಗುರುತು ಮಾಡಿ. ಲೆವೆಲನ್ನು ಸರಿಯಾಗಿ ನಡುವೆ ನಿಲ್ಲಿಸಿ, ಎರಡೂ ಕಡೆ 30 ಮೀಟರ್ ಇರಲಿ. ಗುಳ್ಳೆ ಮಧ್ಯಕ್ಕೆ ತನ್ನಿ. A ಮೇಲೆ ಸ್ಟಾಫ್ ಹಿಡಿದು ದೂರದರ್ಶಕದೊಳಗೆ ಕಾಣುವ ಮೂರು ಅಡ್ಡಗೆರೆಗಳ, ಅಂದರೆ ಮೂರು ಕೂದಲಿನ ರೀಡಿಂಗನ್ನೂ ಬರೆಯಿರಿ: ಮೇಲಿನದು 1.735, ನಡುವಿನದು 1.585, ಕೆಳಗಿನದು 1.435. ಮೇಲಿನದರಲ್ಲಿ ಕೆಳಗಿನದು ಕಳೆದು 100ರಿಂದ ಗುಣಿಸಿದರೆ 30 ಮೀಟರ್ ಬರಬೇಕು. ನಂತರ ಅದೇ ಸ್ಟಾಫನ್ನು B ಮೇಲೆ ಹಿಡಿಯಿರಿ: 1.360, 1.210, 1.060. ನಡುಕೂದಲಿನ ರೀಡಿಂಗ್‌ಗಳ ವ್ಯತ್ಯಾಸ 0.375. ಅಂದರೆ B ಯು A ಗಿಂತ 0.375 ಮೀಟರ್ ಎತ್ತರದಲ್ಲಿದೆ. ಲೆವೆಲ್ ಕೆಟ್ಟಿದ್ದರೂ ಈ ಅಂಕೆ ಸರಿ.

ಈ ಕೊನೆಯ ವಾಕ್ಯದಲ್ಲೇ ಮಕ್ಕಳು ನಿಲ್ಲುತ್ತಾರೆ. ಕೆಟ್ಟ ಲೆವೆಲ್ ಸರಿಯಾದ ಅಂಕೆ ಹೇಗೆ ಕೊಡುತ್ತದೆ? ನಿಮ್ಮ ಅಧ್ಯಾಯ ಅರ್ಥವಾಗದಿದ್ದುದು ಇಲ್ಲಿಗೆ ಉತ್ತರ ಇಲ್ಲದ್ದರಿಂದ ಅಂತ ನನ್ನ ಊಹೆ. ನೋಟದ ಗೆರೆ ಪ್ರತಿ ಮೀಟರಿಗೆ 0.1 ಮಿಲಿಮೀಟರ್ ಮೇಲಕ್ಕೆ ಓಡುತ್ತಿದೆ ಅಂತಿಟ್ಟುಕೊಳ್ಳಿ. 30 ಮೀಟರ್ ದೂರದಲ್ಲಿ ಅದು 3 ಮಿಲಿಮೀಟರ್. A ಮೇಲೂ 3 ಜಾಸ್ತಿ, B ಮೇಲೂ 3 ಜಾಸ್ತಿ. ಒಂದರಿಂದ ಇನ್ನೊಂದು ಕಳೆದಾಗ ಎರಡೂ ಹೊರಟುಹೋಗುತ್ತವೆ. ಎರಡು ಕಡೆಗೂ ದೂರ ಒಂದೇ ಆಗಿರಬೇಕು ಅನ್ನುವುದು ಇದಕ್ಕೇ. ಈ ನಾಲ್ಕು ವಾಕ್ಯ ಮತ್ತು ಒಂದು ಗೆರೆಚಿತ್ರ ಇಲ್ಲದೆ ಮುಂದೆ ಹೋಗಬೇಡಿ.

> ಈಗ ಲೆವೆಲನ್ನು A ಯ ಆಚೆಗೆ, A ಯಿಂದ 3 ಮೀಟರ್ ದೂರದಲ್ಲಿ, ಅದೇ ಸಾಲಿನಲ್ಲಿ ನಿಲ್ಲಿಸಿ. A ರೀಡಿಂಗ್ 1.432. B ಯು 0.375 ಎತ್ತರ ಇರುವುದರಿಂದ ಅಲ್ಲಿ 1.057 ಬರಬೇಕು. ಸ್ಟಾಫ್ ನೋಡಿದರೆ 1.063. 6 ಮಿಲಿಮೀಟರ್ ಜಾಸ್ತಿ. ನೋಟದ ಗೆರೆ ಮೇಲಕ್ಕೆ ಓಡುತ್ತಿದೆ.

B ಯು 63 ಮೀಟರ್ ದೂರ, A ಬರೀ 3 ಮೀಟರ್. A ಮೇಲಿನ ದೋಷ 0.3 ಮಿಲಿಮೀಟರ್, ಸ್ಟಾಫ್ ಮೇಲೆ ಕಾಣುವುದೇ ಇಲ್ಲ. ಅದಕ್ಕೇ ಹತ್ತಿರ ನಿಂತು ನೋಡುವುದು. 60 ಮೀಟರಿಗೆ 6 ಮಿಲಿಮೀಟರ್ ಅಂದರೆ ಕೋನದಲ್ಲಿ ಸುಮಾರು 20 ಸೆಕೆಂಡ್. ಎಷ್ಟರವರೆಗೆ ನಡೆಯುತ್ತದೆ ಅನ್ನುವುದನ್ನು ನಿಮ್ಮ ಉಪಕರಣದ ಮ್ಯಾನುಯಲ್‌ನಿಂದಲೇ ತೆಗೆದುಕೊಳ್ಳಿ. 60 ಮೀಟರಿಗೆ 3 ಮಿಲಿಮೀಟರ್ ಮಿತಿ ಹಾಕಿರುವ ಆಟೋ ಲೆವೆಲ್‌ಗಳಿವೆ. ಆ ಲೆಕ್ಕದಲ್ಲಿ ನಮ್ಮ ಲೆವೆಲ್ ಸರಿಪಡಿಸಬೇಕಾದದ್ದೇ.

ಮುಂದಿನ ಹೆಜ್ಜೆಯಲ್ಲಿ ಒಂದು ಗುಂಡಿ ಇದೆ. ಇಂಗ್ಲಿಷ್ ಮ್ಯಾನುಯಲ್ ‘ಲೆಕ್ಕದ ರೀಡಿಂಗ್ ಬರುವ ತನಕ ಅಡ್ಜಸ್ಟ್ ಮಾಡಿ’ ಅನ್ನುತ್ತದೆ. ಅದನ್ನು ‘ಸರಿಹೊಂದಿಸಿ’ ಅಂತ ಮಾತ್ರ ಬರೆದರೆ ಮಕ್ಕಳ ಕೈ ಹೋಗುವುದು ಫುಟ್ ಸ್ಕ್ರೂಗೆ. ಅವರಿಗೆ ಗೊತ್ತಿರುವ ಸ್ಕ್ರೂ ಅದೇ ತಾನೇ. ಫುಟ್ ಸ್ಕ್ರೂ ಸ್ವಲ್ಪ ತಿರುಗಿಸಿದರೆ ಆಟೋ ಲೆವೆಲ್‌ನ ಒಳಗಿನ ಕಾಂಪೆನ್ಸೇಟರ್ ನೋಟದ ಗೆರೆಯನ್ನು ಮತ್ತೆ ಮೊದಲಿನ ಜಾಗಕ್ಕೇ ತರುತ್ತದೆ. ರೀಡಿಂಗ್ 1.063 ಬಿಟ್ಟು ಕದಲುವುದಿಲ್ಲ. ಹುಡುಗ ಇನ್ನೂ ತಿರುಗಿಸುತ್ತಾನೆ. ಗುಳ್ಳೆ ಉಂಗುರದ ಹೊರಗೆ ಹೋಗುತ್ತದೆ, ಕಾಂಪೆನ್ಸೇಟರ್ ತನ್ನ ಮಿತಿ ದಾಟಿ ತಗಲಿಕೊಳ್ಳುತ್ತದೆ. ಸಾಮಾನ್ಯ ಆಟೋ ಲೆವೆಲ್‌ಗಳಲ್ಲಿ ಆ ಮಿತಿ 15 ಮಿನಿಟ್ ಕೋನದ ಆಸುಪಾಸು. ಆಗ ರೀಡಿಂಗ್ ಓಡಲು ಶುರುವಾಗುತ್ತದೆ, 1.057 ಬಂದೂ ಬಿಡುತ್ತದೆ! ಸರಿಯಾಯಿತು ಅಂತ ಪೆಟ್ಟಿಗೆಗೆ ಹಾಕುತ್ತಾರೆ. ಲೆವೆಲ್ ಮೊದಲಿನಷ್ಟೇ ಕೆಟ್ಟಿರುತ್ತದೆ.

ಆದ್ದರಿಂದ ಯಾವ ಸ್ಕ್ರೂ ಅಂತ ಹೆಸರು ಹೇಳಿ, ಎಲ್ಲಿದೆ ಅಂತ ಚಿತ್ರದಲ್ಲಿ ಬಾಣ ಹಾಕಿ. ಹೆಚ್ಚಿನ ಆಟೋ ಲೆವೆಲ್‌ಗಳಲ್ಲಿ ಅದು ಕಣ್ಣಿಡುವ ಕಡೆ ಸಣ್ಣ ಮುಚ್ಚಳದ ಕೆಳಗಿರುತ್ತದೆ. ಪೆಟ್ಟಿಗೆಯಲ್ಲಿರುವ ಪಿನ್ನಿನಿಂದಲೋ ಅಲೆನ್ ಕೀಯಿಂದಲೋ ತಿರುಗಿಸಬೇಕು. ತಿರುಗಿಸಿದರೆ ಕೂದಲಿನ ಗೆರೆಯೇ ಮೇಲೆ ಕೆಳಗೆ ಹೋಗುತ್ತದೆ, ಗುಳ್ಳೆ ಅಲ್ಲಾಡುವುದಿಲ್ಲ. ‘ಗುಳ್ಳೆ ಅಲ್ಲಾಡಿದರೆ ತಪ್ಪು ಸ್ಕ್ರೂ’ ಅಂತ ಒಂದು ವಾಕ್ಯ ಹಾಕಿ, ಅದರಷ್ಟು ಉಪಯೋಗದ ವಾಕ್ಯ ಆ ಪುಟದಲ್ಲಿ ಇನ್ನೊಂದಿರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಡಿಪ್ಲೊಮಾ ಮಕ್ಕಳು ಪರೀಕ್ಷೆ ಮಾಡಲಿ, ದೋಷ ಎಷ್ಟು ಅಂತ ಬರೆಯಲಿ. ಆ ಸ್ಕ್ರೂ ಮುಟ್ಟುವುದು ಲ್ಯಾಬ್ ನೋಡಿಕೊಳ್ಳುವವರ ಕೆಲಸ. ಪುಸ್ತಕದಲ್ಲೂ ಹಾಗೇ ಬೇರೆ ಮಾಡಿ ಬರೆಯಿರಿ.

ಮಾಡು, ನೋಡು, ತಿರುಗಿಸು ಅನ್ನುವ ಕ್ರಿಯಾಪದಗಳೆಲ್ಲ ಹೀಗೇ. ಕೈ ಯಾವುದನ್ನು ಹಿಡಿಯಬೇಕು, ಕಣ್ಣು ಏನನ್ನು ನೋಡಬೇಕು, ಏನು ಕಂಡರೆ ನಿಲ್ಲಿಸಬೇಕು ಇವು ಮೂರೂ ವಾಕ್ಯದಲ್ಲಿರಲಿ. ‘ಲೆವೆಲ್ ಮಾಡಿ’ ಅಂತ ಬರೆದರೆ ಗುಳ್ಳೆ ಮಧ್ಯಕ್ಕೆ ತರುವುದೋ, ಎತ್ತರ ಅಳೆಯುವುದೋ ಗೊತ್ತಾಗುವುದಿಲ್ಲ. ಗುಳ್ಳೆ, ರಸಮಟ್ಟ, ತೂಗುಗುಂಡು ಇವು ಮೇಸ್ತ್ರಿಗಳ ಬಾಯಲ್ಲಿ ಇರುವ ಮಾತುಗಳು, ಧೈರ್ಯವಾಗಿ ಬಳಸಿ. ಸ್ಟಾಫ್, ಪ್ರಿಸಂ, ಟ್ರೈಪಾಡ್, ಫುಟ್ ಸ್ಕ್ರೂ ಇವಕ್ಕೆ ಸುಮ್ನೆ ಸಂಸ್ಕೃತದ ಪದ ಕಟ್ಟಬೇಡಿ. ನಾಳೆ ಪರೀಕ್ಷೆಯಲ್ಲೂ ಕೆಲಸದಲ್ಲೂ ಕೇಳುವುದು ಅವೇ ಹೆಸರು. ಕೇರಳದಲ್ಲಿ 2022ರ ನವೆಂಬರ್ 1ರಿಂದ ನಡೆಯುತ್ತಿರುವ ಡಿಜಿಟಲ್ ಮರುಸರ್ವೆಗೆ ಇವರಲ್ಲಿ ಯಾರಾದರೂ ಹೋದರೆ ಅಲ್ಲೂ ಅಷ್ಟೇ.

ನಿಮ್ಮ ಊರಿಗೆ ತಕ್ಕಂತೆ ಬದಲಿಸಲೇಬೇಕಾದ ಎರಡು ಮೂರು ಕಡೆ ಇದೆ. ಮ್ಯಾನುಯಲ್ ‘ಗೂಟ ಹೊಡೆಯಿರಿ’ ಅನ್ನುತ್ತದೆ. ಮುರಕಲ್ಲಿನ ಪಾರೆಯಲ್ಲಿ ಮರದ ಗೂಟ ಇಳಿಯುತ್ತದಾ? ಗಟ್ಟಿ ಕಲ್ಲಿನ ಉಬ್ಬಿದ ಜಾಗಕ್ಕೆ ಬಣ್ಣದ ಗುರುತು ಹಾಕಿ, ಅಥವಾ ಕಾಂಕ್ರೀಟಿಗೆ ಮೊಳೆ ಹೊಡೆಯಿರಿ ಅಂತ ಬರೆಯಿರಿ. ಎರಡು ಸಲವೂ ಸ್ಟಾಫ್ ಅದೇ ಬಿಂದುವಿನ ಮೇಲೆ ನಿಲ್ಲಬೇಕು, ಅದೇ ಮುಖ್ಯ. ಮುರಕಲ್ಲಿನ ಮೇಲೆ ಟ್ರೈಪಾಡ್ ಕಾಲು ಜಾರುತ್ತದೆ. ತುದಿ ಕೂರುವಷ್ಟು ಸಣ್ಣ ಕುಳಿ ಕುಟ್ಟಿಕೊಳ್ಳಿ, ಇಲ್ಲವೇ ಮೂರು ಕಾಲಿಗೂ ಹಗ್ಗ ಸುತ್ತಿ ಕಟ್ಟಿ. ಬಿಸಿಲೇರಿದ ಮೇಲೆ ಬೋಳು ಪದವಿನಲ್ಲಿ ನೆಲದ ಹತ್ತಿರದ ಗಾಳಿ ಕುದಿಯುವ ಹಾಗೆ ಕಾಣುತ್ತದೆ, ಸ್ಟಾಫ್ ಮೇಲಿನ ಗೆರೆ ನಡುಗುತ್ತದೆ. ಆ ಹೊತ್ತಿಗೆ 60 ಮೀಟರ್ ದೂರದಲ್ಲಿ ಮಿಲಿಮೀಟರ್ ಓದಲು ಆಗುವುದಿಲ್ಲ. ಟೂ ಪೆಗ್ ಟೆಸ್ಟ್ ಬೆಳಗ್ಗೆಯೇ ಮಾಡಿ. ಮಳೆಗಾಲದಲ್ಲಿ ಒದ್ದೆಯಾದ ಉಪಕರಣವನ್ನು ಒರೆಸಿ, ಪೆಟ್ಟಿಗೆಯನ್ನೂ ಒಣಗಿಸಿ, ಆಮೇಲೆ ಮುಚ್ಚಿ. ಎಚ್ಚರಿಕೆಯ ಪುಟದಲ್ಲಿ ‘ದೂರದರ್ಶಕದಲ್ಲಿ ಸೂರ್ಯನನ್ನು ನೋಡಬೇಡಿ, ಕಣ್ಣು ಹೋಗುತ್ತದೆ’ ಅನ್ನುವುದು ಮೊದಲನೇ ಸಾಲಾಗಿರಲಿ.

ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ಟೂ ಪೆಗ್ ಪುಟ ಮಾತ್ರ ಕೈಗೆ ಕೊಟ್ಟು, ಮೂವರು ಮಕ್ಕಳನ್ನು ಲೆವೆಲ್ ಜತೆ ಹೊರಗೆ ಕಳಿಸಿ. ನೀವು ಪಕ್ಕದಲ್ಲಿ ನಿಂತಿರಿ, ಮಾತಾಡಬೇಡಿ. ಅವರು ಎಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಾರೋ, ಆ ಸಾಲಿಗೆ ಪೆನ್ಸಿಲ್ ಗುರುತು ಹಾಕಿ. ಲೆವೆಲ್‌ನಲ್ಲಿ ನಿಜವಾಗಿ ಎಷ್ಟು ದೋಷ ಇದೆ ಅಂತ ನೀವು ಮೊದಲೇ ಅಳೆದು ಇಟ್ಟುಕೊಂಡಿರಿ. ಅವರ ಉತ್ತರ ನಿಮ್ಮದಕ್ಕೆ ಒಂದೆರಡು ಮಿಲಿಮೀಟರ್ ಒಳಗೆ ಬಂದರೆ ಪುಟ ಸರಿ. ಬರದಿದ್ದರೆ, ಮೊದಲು ಅವರ ಮೂರು ಕೂದಲಿನ ರೀಡಿಂಗ್ ನೋಡಿ. ಮೇಲಿನದು, ಕೆಳಗಿನದರ ಸರಾಸರಿ ನಡುವಿನದಕ್ಕೆ ತಾಳೆಯಾಗದಿದ್ದರೆ ಸ್ಟಾಫ್ ಓದಿದ್ದೇ ತಪ್ಪು. ತಾಳೆಯಾಗಿಯೂ ಉತ್ತರ ಬೇರೆಯಾದರೆ, ಲೆವೆಲ್ ನಡುವೆ ನಿಂತಿತ್ತಾ, ಸ್ಟಾಫ್ ಅದೇ ಗುರುತಿನ ಮೇಲಿತ್ತಾ ಅಂತ ಕೇಳಿ. ಅದೂ ಸರಿಯಿದ್ದರೆ ಪುಟದ ಆ ಸಾಲನ್ನು ಹೊಸದಾಗಿ ಬರೆಯಿರಿ, ಬೇರೆ ಮೂವರಿಗೆ ಕೊಡಿ.